ಖಾಲಿ ಮ್ಯಾಪಲ್ಲಿ ಕೊಲ್ಲಿ, ಜಲಸಂಧಿ, ಪರ್ಯಾಯ ದ್ವೀಪ ಹುಡುಕೋ ವರ್ಕ್‌ಶೀಟ್: ಮಡಿಕೇರಿ ಗೆರೆ ಹಿಡ್ಕೊಂಡು ಹೊರಡಿ

ಅಟ್ಲಾಸ್ ಮುಂದಿಟ್ಟು ಹಾರ್ಮುಜ್ ಜಲಸಂಧಿ ತೋರ್ಸು ಅಂದ್ರೆ ಮಕ್ಕಳು ತಟ್ ಅಂತ ಬೆರಳಿಡ್ತಾರೆ, ಅದೇ ಮ್ಯಾಪಿಂದ ಹೆಸರೆಲ್ಲ ತೆಗೆದು ಬರೀ ಗೆರೆ ಕೊಟ್ಟು ಈಗ ತೋರ್ಸು ಅಂದ್ರೆ ಪೆನ್ಸಿಲ್ ಗಾಳೀಲೇ ನಿಲ್ಲುತ್ತೆ. ಯಾಕಂದ್ರೆ ಅವ್ರು ನೋಡಿ ನೆನಪಿಟ್ಕೊಂಡಿರೋದು ಜಾಗನಲ್ಲ, ಆ ಅಟ್ಲಾಸಲ್ಲಿ ಅಕ್ಷರ ಪ್ರಿಂಟ್ ಆಗಿರೋ ಮೂಲೆನ. ಅಂಗಡೀಲಿ ಸಿಗೋ ಔಟ್‌ಲೈನ್ ಮ್ಯಾಪ್ ಕಟ್ಟು ತಂದು ಒಂದೊಂದೇ ತುಂಬಿಸ್ತಾ ಹೋದ್ರೂ ಇದು ಸರಿಹೋಗಲ್ಲ, ಖಾಲಿ ಮ್ಯಾಪಲ್ಲಿ ಕಣ್ಣಿಗೆ ಹಿಡ್ಕೊಳ್ಳೋಕೆ ಏನೋ ಒಂದು ಬೇಕು. ನಾನು ಇಲ್ಲಿ ಹೇಳ್ತಿರೋದು ಅಂಥ ಒಂದು ಹಿಡಿಕೆ ಇಟ್ಕೊಂಡು ವರ್ಕ್‌ಶೀಟನ್ನ ಮನೇಲೇ ಮಾಡ್ಕೊಳ್ಳೋದು ಹೇಗೆ ಅಂತ. ಇಡೀ ಪ್ರಪಂಚ ಬೇಡ, ಸೂಯೆಜ್‌ನಿಂದ ಸಿಂಗಾಪುರದವರೆಗಿನ ತುಂಡು ಸಾಕು, ಎಕ್ಸಾಮಲ್ಲಿ ಮತ್ತೆ ಮತ್ತೆ ಬರೋ ಹೆಸರುಗಳಲ್ಲಿ ತುಂಬಾ ಇದರಲ್ಲೇ ಇವೆ. ಅದರಲ್ಲೂ ಅರೇಬಿಯಾ ಸುತ್ತ ಪೂರ್ತಿ ಮಾಡಿ ತೋರಿಸ್ತೀನಿ.

ಹಿಡಿಕೆ ಯಾವುದು ಅಂದ್ರೆ ನಮ್ಮ ಊರೇ. ಮಡಿಕೇರಿ ಇರೋದು ಸುಮಾರು 12.4° ಉತ್ತರ ಅಕ್ಷಾಂಶದಲ್ಲಿ. ಆ ಗೆರೆನ ಹಾಗೇ ಪಶ್ಚಿಮಕ್ಕೆ ಎಳೀರಿ, ಘಟ್ಟ ಇಳಿದು ಕಾಸರಗೋಡು ಪಕ್ಕ ಸಮುದ್ರಕ್ಕೆ ಬೀಳುತ್ತೆ, ಅರಬ್ಬಿ ಸಮುದ್ರ ಪೂರ್ತಿ ದಾಟಿ ಸೊಕೋಟ್ರಾ ದ್ವೀಪದ ಮೇಲೆ ಹೋಗುತ್ತೆ, ಆಮೇಲೆ ಸೊಮಾಲಿಯಾದ ಚೂಪು ಮೂಗಿನ ಸ್ವಲ್ಪ ಮೇಲಿಂದ ಏಡನ್ ಕೊಲ್ಲಿಯೊಳಗೆ ನುಗ್ಗಿ ಸೀದಾ ಬಾಬ್-ಎಲ್-ಮಂದೆಬ್ ಜಲಸಂಧಿ ಹತ್ರ ಹೋಗಿ ನಿಲ್ಲುತ್ತೆ. ಆ ಜಲಸಂಧಿ ಇರೋದು ಹೆಚ್ಚುಕಮ್ಮಿ 12.6°ರಲ್ಲಿ, ಅಂದ್ರೆ ಎ4 ಹಾಳೆ ಮೇಲೆ ಕಣ್ಣಿಗೆ ವ್ಯತ್ಯಾಸನೇ ಕಾಣಲ್ಲ. ಪೂರ್ವಕ್ಕೆ ಎಳೆದ್ರೆ ಬಂಗಾಳ ಕೊಲ್ಲಿಗೆ ಇಳಿದು ಅಂಡಮಾನ್ ಮೇಲೆ ಹಾದು, ಮ್ಯಾನ್ಮಾರ್-ಥಾಯ್ಲೆಂಡ್ ಹಂಚ್ಕೊಂಡಿರೋ ಉದ್ದನೆ ನೆಲದ ಪಟ್ಟಿ ದಾಟಿ ಥಾಯ್ಲೆಂಡ್ ಕೊಲ್ಲಿಗೆ ಇಳಿಯುತ್ತೆ. ಒಂದೇ ಗೆರೇಲಿ ಮೂರು ಕೊಲ್ಲಿ, ಒಂದು ಜಲಸಂಧಿ. ಕೊಡಗಿನ ಮಕ್ಕಳಿಗೆ ಇದನ್ನ ಬಿಟ್ಟು ಸಮಭಾಜಕ ವೃತ್ತದಿಂದ ಶುರು ಮಾಡಿಸೋದು ಯಾಕೋ ನನಗೆ ಗೊತ್ತಾಗಲ್ಲ.

ಮೊದಲು ಚೌಕಟ್ಟು

ಎ4 ಹಾಳೆ ಅಡ್ಡ ಇಟ್ಕೊಳ್ಳಿ. ಒಳಗೆ 25 ಸೆಂ.ಮೀ ಅಗಲ, 12 ಸೆಂ.ಮೀ ಎತ್ತರದ ಒಂದು ಬಾಕ್ಸ್. ಇದರಲ್ಲಿ 1 ಸೆಂ.ಮೀ ಅಂದ್ರೆ 3 ಡಿಗ್ರಿ. ಎಡಗಡೆ ಅಂಚು 30° ಪೂರ್ವ ರೇಖಾಂಶ, ಬಲಗಡೆ ಅಂಚು 105° ಪೂರ್ವ, ಕೆಳಗಿನ ಅಂಚು ಸಮಭಾಜಕ ವೃತ್ತ, ಮೇಲಿಂದು 36° ಉತ್ತರ. ಈಗ 5 ಸೆಂ.ಮೀಗೊಂದು ಉದ್ದ ಗೆರೆ ಎಳೀರಿ, 45, 60, 75, 90 ಸಿಗುತ್ತೆ. 2 ಸೆಂ.ಮೀಗೊಂದು ಅಡ್ಡ ಗೆರೆ ಎಳೆದ್ರೆ 6, 12, 18, 24, 30 ಸಿಗುತ್ತೆ. ಪೆನ್ಸಿಲ್ ಮೆಲ್ಲಗೆ ಒತ್ತಿ, ಆಮೇಲೆ ಅಳಿಸೋದಿದೆ.

3 ಡಿಗ್ರಿನೇ ಯಾಕೆ ಅಂದ್ರೆ ಗೆರೆಗಳು ಬೇಕಾದ ಜಾಗಕ್ಕೇ ಬೀಳುತ್ತವೆ. 12ರ ಅಡ್ಡ ಗೆರೆ ಹೆಚ್ಚುಕಮ್ಮಿ ನಮ್ಮ ಮಡಿಕೇರಿ ಗೆರೆ, ಅದನ್ನ ಸ್ಕೆಚ್ ಪೆನ್ನಲ್ಲಿ ದಪ್ಪ ಮಾಡಿ. 24ರ ಗೆರೆ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ತೀರಾ ಹತ್ರ. 45ರ ಉದ್ದ ಗೆರೆ ಏಡನ್ ಊರಿನ ಮೇಲೇ ಹೋಗುತ್ತೆ, 60ರದ್ದು ಅರೇಬಿಯಾದ ಪೂರ್ವದ ತುದಿ ಮುಟ್ಟುತ್ತೆ, 75 ಮತ್ತು 12 ಸೇರೋ ಜಾಗ ನಮ್ಮ ಕಾಸರಗೋಡು-ಕಣ್ಣೂರು ಕರಾವಳಿ, ಇನ್ನು ಬಲಗಡೆ ಕೆಳಗಿನ ಮೂಲೆ ಹತ್ರನೇ ಸಿಂಗಾಪುರ. ಈ ನಾಲ್ಕು ಜಾಗ ಬಾಯಿಪಾಠ ಆದ್ರೆ ಉಳಿದಿದ್ದು ಅದರ ಎಡಕ್ಕೋ ಬಲಕ್ಕೋ ಮೇಲಕ್ಕೋ ಅಂತ ಬರುತ್ತೆ.

ಲೆಕ್ಕ ಸುಲಭ. ಯಾವ ಊರಾದ್ರೂ ಸರಿ, ರೇಖಾಂಶದಲ್ಲಿ 30 ಕಳೆದು 3ರಿಂದ ಭಾಗಿಸಿದ್ರೆ ಎಡ ಅಂಚಿಂದ ಎಷ್ಟು ಸೆಂ.ಮೀ ಅಂತ ಬರುತ್ತೆ, ಅಕ್ಷಾಂಶನ ಬರೀ 3ರಿಂದ ಭಾಗಿಸಿದ್ರೆ ಕೆಳಗಿಂದ ಎಷ್ಟು ಅಂತ. ಅಟ್ಲಾಸ್ ಕೊನೇಲಿ ಇಂಡೆಕ್ಸ್ ಇರುತ್ತಲ್ಲ, ಅದರಲ್ಲಿ ಡಿಗ್ರಿ ಕೊಟ್ಟಿರ್ತಾರೆ, ಯಾರೂ ತಿರುಗಿಸಿ ನೋಡದೇ ಇರೋ ಪುಟಗಳು ಅವು.

ಒಂದು ವಿಷ್ಯ ಗಮನದಲ್ಲಿರಲಿ, ಈ ಬಾಕ್ಸಲ್ಲಿ ಮೇಲಕ್ಕೆ ಹೋದ ಹಾಗೆ ದೇಶಗಳು ಸ್ವಲ್ಪ ಅಗಲ ಕಾಣುತ್ತವೆ, ಯಾಕಂದ್ರೆ ಭೂಮಿ ಮೇಲೆ ರೇಖಾಂಶಗಳು ಉತ್ತರಕ್ಕೆ ಹೋಗ್ತಾ ಹತ್ರ ಆಗ್ತವೆ, ನಮ್ಮ ಹಾಳೇಲಿ ಆಗಲ್ಲ. ಆದ್ದರಿಂದ ಇದನ್ನ ಅಟ್ಲಾಸ್ ಮೇಲೆ ಇಟ್ಟು ಹೋಲಿಸ್ಬೇಡಿ, ಹೊಂದಲ್ಲ. ಜಾಗ ಹುಡುಕೋಕೆ ಇದು ಸಾಕು, ದೂರ ಅಳೆಯೋಕೆ ಆಗಲ್ಲ.

ಅರೇಬಿಯಾನ ಚುಕ್ಕಿ ಇಟ್ಟು ಎಳೆಯೋದು

ಪ್ರಪಂಚದ ಅತಿ ದೊಡ್ಡ ಪರ್ಯಾಯ ದ್ವೀಪ ಇದು. ಎಳೆಯೋದು ಮಾತ್ರ ಭಾರತಕ್ಕಿಂತ ಸುಲಭ. ಕೆಳಗಿನ ಚುಕ್ಕಿ ಇಡಿ, ಮೊದಲ ನಂಬರ್ ಎಡ ಅಂಚಿಂದ, ಎರಡನೇದು ಕೆಳ ಅಂಚಿಂದ, ಎಲ್ಲ ಸೆಂ.ಮೀನಲ್ಲಿ:

- ಅಕಾಬಾ: 1.7, 9.8
- ಜೆಡ್ಡಾ: 3.1, 7.2
- ಬಾಬ್-ಎಲ್-ಮಂದೆಬ್: 4.4, 4.2
- ಏಡನ್: 5.0, 4.3
- ಸಲಾಲಾ: 8.0, 5.7
- ಪೂರ್ವದ ತುದಿ, ರಾಸ್ ಅಲ್ ಹದ್: 9.9, 7.5
- ಮಸ್ಕತ್: 9.5, 7.9
- ಮುಸಂದಮ್ ತುದಿ: 8.8, 8.8
- ಅಬುಧಾಬಿ: 8.1, 8.2
- ಕತಾರ್ ತುದಿ: 7.1, 8.7
- ಕುವೈತ್: 6.0, 9.8

ಅಕಾಬಾದಿಂದ ಬಾಬ್-ಎಲ್-ಮಂದೆಬ್‌ವರೆಗೆ ಹೆಚ್ಚುಕಮ್ಮಿ ನೇರ ಗೆರೆ, ಅಲ್ಲಿಂದ ಬಲಕ್ಕೆ ತಿರುಗಿ ಮೇಲಕ್ಕೆ ಏರ್ತಾ ಪೂರ್ವದ ತುದಿ, ಅಲ್ಲಿಂದ ಎಡಕ್ಕೆ ವಾಲ್ಕೊಂಡು ಮುಸಂದಮ್. ಮುಸಂದಮ್ ಹತ್ರ ನಿಧಾನ ಮಾಡಿ, ಇಡೀ ಹಾಳೇಲಿ ಇದೊಂದು ಚೂಪು ಮುಖ್ಯ. ಅದರ ತುದಿ ಒಮಾನ್‌ಗೆ ಸೇರಿದ್ದು, ಆದ್ರೆ ಮಧ್ಯೆ ಯುಎಇ ಬಂದಿರೋದ್ರಿಂದ ಒಮಾನ್‌ನ ಉಳಿದ ಭಾಗಕ್ಕೆ ಅಂಟ್ಕೊಂಡಿಲ್ಲ. ಮುಸಂದಮಿಂದ ಕೆಳಗೆ ಎಡಕ್ಕೆ ಇಳಿದು ಅಬುಧಾಬಿ, ಮತ್ತೆ ಕತಾರ್ ಅಂತ ಮೇಲಕ್ಕೆ ಒಂದು ಸಣ್ಣ ಹೆಬ್ಬೆಟ್ಟು ಎತ್ತಿ ಇಳಿಸಿ, ಅಲ್ಲಿಂದ ಕುವೈತ್‌ವರೆಗೆ ಓರೆಯಾಗಿ ಮೇಲಕ್ಕೆ. ಕತಾರ್ ಕೂಡ ಪರ್ಯಾಯ ದ್ವೀಪವೇ, ದೊಡ್ಡ ಪರ್ಯಾಯ ದ್ವೀಪದ ಮೈಮೇಲೆ ಸಣ್ಣದು.

ಈಗ ಎದುರು ದಡಗಳು. ಆಫ್ರಿಕಾ ಕಡೆ ಸೂಯೆಜ್ (0.8, 10) ಇಂದ ಮಸ್ಸಾವಾ (3.2, 5.2), ಜಿಬೂಟಿ (4.4, 3.9), ಬರ್ಬೆರಾ (5.0, 3.5), ಸೊಮಾಲಿಯಾದ ಮೂಗು (7.1, 3.9). ಇರಾನ್ ಕಡೆ ಬುಶೆಹ್ರ್ (6.9, 9.7), ಬಂದರ್ ಅಬ್ಬಾಸ್ (8.8, 9.1), ಆಮೇಲೆ ಪಾಕಿಸ್ತಾನದ ಗ್ವಾದರ್ (10.8, 8.4). ಸೂಯೆಜ್‌ಗೂ ಅಕಾಬಾಗೂ ಮಧ್ಯೆ 1.4, 9.2ರಲ್ಲಿ ಒಂದು ಚುಕ್ಕಿ ಇಟ್ಟು ಸೂಯೆಜ್, ಅಕಾಬಾ ಎರಡಕ್ಕೂ ಸೇರಿಸಿದ್ರೆ ಸಿನಾಯ್ ಪರ್ಯಾಯ ದ್ವೀಪದ ಕೆಳ ತುದಿ ಬಂತು. ಸೂಯೆಜ್ ಕೊಲ್ಲಿ ಎಡಕ್ಕೆ, ಅಕಾಬಾ ಕೊಲ್ಲಿ ಬಲಕ್ಕೆ, ಕೆಂಪು ಸಮುದ್ರಕ್ಕೆ ಮೊಲದ ಕಿವಿ ಹಾಗೆ ಎದ್ದು ನಿಲ್ಲುತ್ತವೆ. ಭಾರತದ ತೀರ, ಮಲಯ ಕಡೆ ಎಲ್ಲ ಇದೇ ಲೆಕ್ಕದಲ್ಲಿ ಇಂಡೆಕ್ಸ್ ನೋಡ್ಕೊಂಡು ನೀವೇ ಚುಕ್ಕಿ ಇಡಿ.

ಪೂರ್ತಿ ಆದ್ಮೇಲೆ ತೀರದ ಗೆರೆ ಕಪ್ಪು ಪೆನ್ನಲ್ಲಿ ತಿದ್ದಿ, ಚೌಕಳಿ ಗೆರೆ ಮತ್ತು ಊರಿನ ಹೆಸರು ಅಳಿಸಿ, ಮಡಿಕೇರಿ ಗೆರೆ ಮಾತ್ರ ಬಿಡಿ. ಇದನ್ನ ಝೆರಾಕ್ಸ್ ಮಾಡಿಸಿ. ಒಂದು ಕಾಪೀಲಿ ಉತ್ತರ ಬರೆದಿಟ್ಕೊಳ್ಳಿ, ಉಳಿದಿದ್ದು ಖಾಲಿ. ಮಳೆ ರಜೆ ಕೊಟ್ಟ ದಿನ ಕರೆಂಟೂ ಇರಲ್ಲ, ನೆಟ್ಟೂ ಇರಲ್ಲ, ಅವತ್ತಿಗೆ ಇದು ಒಳ್ಳೆ ಕೆಲ್ಸ. ಹಾಳೆನ ಮಾತ್ರ ಪ್ಲಾಸ್ಟಿಕ್ ಕವರಲ್ಲಿಡಿ, ನಮ್ಮ ಜುಲೈ ತಿಂಗಳ ತೇವಕ್ಕೆ ಸ್ಕೆಚ್ ಪೆನ್ ಹರಡಿಬಿಡುತ್ತೆ.

ಯಾವುದು ಕೊಲ್ಲಿ, ಯಾವುದು ಜಲಸಂಧಿ ಅಂತ ಬೆರಳಲ್ಲೇ ನೋಡಿ

ಡೆಫಿನಿಷನ್ ಎಲ್ರಿಗೂ ಬರುತ್ತೆ, ಖಾಲಿ ಮ್ಯಾಪಲ್ಲಿ ಅದು ಕೆಲ್ಸಕ್ಕೆ ಬರೋ ಹಾಗೆ ಮಾಡೋದು ಹೀಗೆ. ಬೆರಳನ್ನ ನೀರಲ್ಲಿಟ್ಟು ಹಡಗು ಅಂದ್ಕೊಳ್ಳಿ. ಮೂರು ಕಡೆ ನೆಲ ತಾಗಿ ಬಂದ ದಾರೀಲೇ ವಾಪಸ್ ಹೋಗ್ಬೇಕು ಅಂದ್ರೆ ಕೊಲ್ಲಿ. ಎರಡು ಕಡೆ ನೆಲ ಒತ್ತಿ, ಈ ಕಡೆಯಿಂದ ನುಗ್ಗಿ ಆ ಕಡೆ ಬೇರೆ ನೀರಿಗೆ ಹೊರಬರ್ಬಹುದು ಅಂದ್ರೆ ಜಲಸಂಧಿ. ಪರ್ಯಾಯ ದ್ವೀಪಕ್ಕೆ ಬೆರಳನ್ನ ನೆಲದಲ್ಲಿಟ್ಟು ಉಲ್ಟಾ, ಮೂರು ಕಡೆ ನೀರು ಸಿಕ್ಕಿ ಒಂದೇ ಕಡೆ ನೆಲದಲ್ಲಿ ಹೋಗೋಕಾಗುತ್ತೆ.

ಪರ್ಶಿಯನ್ ಕೊಲ್ಲೀಲಿ ಬೆರಳಿಡಿ, ಹೊರಗೆ ಹೋಗೋಕೆ ಇರೋದು ಒಂದೇ ಬಾಗಿಲು, ಹಾರ್ಮುಜ್. ಅದನ್ನ ದಾಟಿದ್ರೆ ಒಮಾನ್ ಕೊಲ್ಲಿ, ಆಮೇಲೆ ಅರಬ್ಬಿ ಸಮುದ್ರ. ಮಕ್ಕಳು ಅತಿ ಹೆಚ್ಚು ಅದಲು ಬದಲು ಮಾಡೋದು ಈ ಎರಡು ಕೊಲ್ಲಿಗಳನ್ನೇ, ಮುಸಂದಮ್ ಚೂಪಿನ ಎಡಕ್ಕೆ ಪರ್ಶಿಯನ್, ಬಲಕ್ಕೆ ಒಮಾನ್ ಅಂತ ಹೇಳಿಕೊಟ್ರೆ ಮತ್ತೆ ತಪ್ಪಲ್ಲ.

ಏಡನ್ ಕೊಲ್ಲಿ ಮಾತ್ರ ಈ ಬೆರಳಿನ ಟೆಸ್ಟಿಗೆ ಬಗ್ಗಲ್ಲ. ಒಂದು ತುದಿ ಅರಬ್ಬಿ ಸಮುದ್ರಕ್ಕೆ ತೆರೆದಿದೆ, ಇನ್ನೊಂದು ತುದೀಲಿ ಬಾಬ್-ಎಲ್-ಮಂದೆಬ್ ಮೂಲಕ ಕೆಂಪು ಸಮುದ್ರಕ್ಕೆ ಹೋಗ್ಬಹುದು, ಹಾಗಾದ್ರೆ ಇದೂ ಜಲಸಂಧಿನಾ ಅಂತ ಚುರುಕು ಮಕ್ಕಳು ಕೇಳೇ ಕೇಳ್ತಾರೆ. ಅಗಲ ನೋಡ್ಸಿ. ಬಾಬ್-ಎಲ್-ಮಂದೆಬ್ ಅಗಲ 30 ಕಿ.ಮೀ ಆಸುಪಾಸು, ಅದರಲ್ಲೂ ಮಧ್ಯೆ ಪೆರಿಮ್ ಅಂತ ದ್ವೀಪ ಬೇರೆ ಕೂತಿದೆ. ಏಡನ್ ಕೊಲ್ಲಿ ಪೂರ್ವಕ್ಕೆ ಹೋಗ್ತಾ ನೂರಾರು ಕಿ.ಮೀ ಅಗಲ ಆಗುತ್ತೆ. ಇಕ್ಕಟ್ಟು ಇರೋ ತುಂಡು ಜಲಸಂಧಿ, ಅಗಲ ಆಗ್ತಾ ಹೋಗೋ ನೀರು ಕೊಲ್ಲಿ. ಇನ್ನು ಸೂಯೆಜ್ ಕಾಲುವೆನ ಕೆಲವರು ಜಲಸಂಧಿ ಲಿಸ್ಟಿಗೆ ಸೇರಿಸ್ತಾರೆ, ಅದು 1869ರಲ್ಲಿ ಶುರುವಾದ ಮನುಷ್ಯ ತೋಡಿದ ಕಾಲುವೆ, ವರ್ಕ್‌ಶೀಟಲ್ಲಿ ಅದಕ್ಕೆ ಬೇರೆ ಬಣ್ಣ ಕೊಡಿ.

ಗುರುತು ಹಾಕೋ ರೀತಿ

ನಮ್ಮ ಸ್ಕೇಲಲ್ಲಿ 1 ಮಿ.ಮೀ ಅಂದ್ರೆ ಮೇಲೆ-ಕೆಳಗೆ 33 ಕಿ.ಮೀ ಹತ್ರ. ಹಾರ್ಮುಜ್‌ನ ಇಕ್ಕಟ್ಟು ಜಾಗ 40 ಕಿ.ಮೀಗಿಂತ ಕಮ್ಮಿ, ಅಂದ್ರೆ ಹಾಳೇಲಿ ಪೆನ್ಸಿಲ್ ಗೆರೆ ದಪ್ಪದಷ್ಟೇ. ಅಲ್ಲಿ ದಪ್ಪ ಚುಕ್ಕಿ ಇಟ್ರೆ ಜಲಸಂಧಿನೇ ಮುಚ್ಚಿಹೋಗುತ್ತೆ, ನೋಡೋರಿಗೆ ನೀವು ತೋರಿಸಿದ್ದು ಇರಾನ್ ಊರಾ ಮುಸಂದಮ್ಮಾ ಅಂತ ಗೊತ್ತಾಗಲ್ಲ. ಅದಕ್ಕೆ ಜಲಸಂಧಿಗೆ ಚುಕ್ಕಿ ಬೇಡ, ಎರಡು ದಡಕ್ಕೂ ಒಂದೊಂದು ಸಣ್ಣ ಅಡ್ಡಗೆರೆ ಹಾಕಿ ನೀರು ಖಾಲಿ ಬಿಡಿ, ಅಲ್ಲಿಂದ ಬಾಣ ಎಳೆದು ಹೆಸರನ್ನ ದೂರದಲ್ಲಿ ಬರೀರಿ. ಬಾಣದ ತುದಿ ನೀರಿಗೇ ಮುಟ್ಟಬೇಕು. ಕೊಲ್ಲಿ ಹೆಸರನ್ನ ನೀರೊಳಗೇ ಅದು ಹೇಗೆ ವಾಲಿದೆಯೋ ಹಾಗೇ ನೀಲಿಯಲ್ಲಿ ಬರೀರಿ, ನೆಲದ ಮೇಲೆ ಅಕ್ಷರ ಹತ್ತಬಾರ್ದು. ಪರ್ಯಾಯ ದ್ವೀಪಕ್ಕೆ ಮೂರು ಕಡೆ ತೀರದ ಉದ್ದಕ್ಕೂ ಒಳಗಡೆಯಿಂದ ಸಣ್ಣ ಗೀಟು ಹಾಕಿ, ನೆಲಕ್ಕೆ ಅಂಟಿರೋ ಕಡೆ ಬಿಟ್ಬಿಡಿ. ಮಧ್ಯೆ ಒಂದು ಚುಕ್ಕಿ ಇಟ್ಟು ಅರೇಬಿಯಾ ಅಂತ ಬರೆದ್ರೆ ಅದು ಸೌದಿ ದೇಶ ತೋರಿಸಿದ ಹಾಗಾಗುತ್ತೆ.

ಪ್ರಶ್ನೆಗಳನ್ನ ಕಾಫಿ ಹಡಗಿನ ದಾರೀಲಿ ಕೇಳಿ

ಅಕ್ಷರಮಾಲೆ ಕ್ರಮದ ಪಟ್ಟಿ ಕೊಟ್ಟು ಗುರುತಿಸಿ ಅಂತ ಹೇಳೋದು ನನಗಿಷ್ಟ ಇಲ್ಲ, ಪಕ್ಕಪಕ್ಕದ ಜಾಗಗಳ ಸಂಬಂಧ ಅದರಲ್ಲಿ ಕಡಿದುಹೋಗುತ್ತೆ. ನಮ್ಮ ಕಾಫಿ ಮಂಗಳೂರಲ್ಲೋ ಕೊಚ್ಚೀಲೋ ಹಡಗು ಹತ್ತಿ ಇಟಲಿ ಕಡೆ ಹೋಗೋ ದಾರಿ ಹಿಡ್ಕೊಂಡ್ರೆ ಪ್ರಶ್ನೆ ತಾನಾಗೇ ಸಾಲಾಗಿ ಬರುತ್ತೆ. ಮಡಿಕೇರಿ ಗೆರೆ ಪಕ್ಕದಲ್ಲೇ ಪಶ್ಚಿಮಕ್ಕೆ ಹೋದಾಗ ಮೊದಲು ಯಾವ ಕೊಲ್ಲಿ? ಏಡನ್. ಅದರ ಕೊನೆ ಬಾಗಿಲು ಯಾವುದು, ಎರಡು ಕಡೆ ಯಾವ ಯಾವ ಖಂಡ? ಬಾಬ್-ಎಲ್-ಮಂದೆಬ್, ಬಲಕ್ಕೆ ಏಷ್ಯಾ, ಎಡಕ್ಕೆ ಆಫ್ರಿಕಾ. ಒಳಗೆ ಹೋದ್ಮೇಲೆ ಯಾವ ಸಮುದ್ರ, ಅದರ ತಲೆಯಲ್ಲಿ ಎರಡು ಕವಲು ಬಂದಾಗ ಯಾವ ಕಡೆ ತಿರುಗ್ಬೇಕು? ಎಡಕ್ಕೆ, ಸೂಯೆಜ್ ಕೊಲ್ಲಿಗೆ. ತಪ್ಪಿ ಬಲಕ್ಕೆ ತಿರುಗಿದ್ರೆ ತಿರಾನ್ ಜಲಸಂಧಿ ದಾಟಿ ಅಕಾಬಾ ಕೊಲ್ಲೀಲಿ ಸಿಕ್ಕಾಕೊಳ್ತೀರ, ಮುಂದೆ ದಾರಿ ಇಲ್ಲ. ಎರಡರ ಮಧ್ಯೆ ಇರೋ ತ್ರಿಕೋನ ಯಾವುದು? ಸಿನಾಯ್.

2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ ತುಂಬಾ ಹಡಗು ಆಫ್ರಿಕಾ ಸುತ್ತಿ ಗುಡ್ ಹೋಪ್ ಭೂಶಿರದ ದಾರಿ ಹಿಡಿದ್ವಲ್ಲ, ಬಾಡಿಗೆ ಏರಿದ ಸುದ್ದಿ ತೋಟದ ಮನೆಗಳಲ್ಲಿ ಎಲ್ರೂ ಮಾತಾಡಿದ್ದೇ. ಆ ಬಾಗಿಲಿಗೆ ಹಾಳೇಲಿ ಬೆರಳಿಟ್ಟು ಮುಚ್ಚಿ, ಈಗ ಏಡನ್ ಕೊಲ್ಲಿಯಿಂದ ಹೇಗೆ ಹೋಗ್ತೀಯ ಅಂತ ಕೇಳಿದ್ರೆ ಮಗು ನಮ್ಮ ಬಾಕ್ಸಿನ ಕೆಳಗಿನ ಅಂಚು ದಾಟ್ಬೇಕು ಅಂತ ತಾನೇ ಹೇಳುತ್ತೆ. ಅದೇ ಬಾಗಿಲ ಸ್ವಲ್ಪ ಮೇಲೆ ಯೆಮೆನ್ ತೀರದಲ್ಲಿ ಮೋಖಾ ಬಂದರು ಇದೆ, ಬಾಬಾ ಬುಡನ್ ಕಾಫಿ ಬೀಜ ತಂದ ಕತೇಲಿ ಬರೋ ಊರು ಅದೇ, ಗುರುತಿಸೋದಿದ್ರೆ ಗುರುತಿಸಿ.

ಎರಡನೇ ದಾರಿ ಉಲ್ಟಾ, ಗ್ಯಾಸ್ ತುಂಬಿದ ಹಡಗು ಕತಾರಿಂದ ಮಂಗಳೂರಿಗೆ. ಪರ್ಶಿಯನ್ ಕೊಲ್ಲಿ, ಹಾರ್ಮುಜ್, ಒಮಾನ್ ಕೊಲ್ಲಿ, ಅರಬ್ಬಿ ಸಮುದ್ರ. ದುಬೈಲಿ ಅಣ್ಣನೋ ಮಾವನೋ ಇರೋ ಮನೆ ಮಕ್ಕಳಿಗೆ ಇದು ಬೇಗ ಹತ್ತುತ್ತೆ.

ತಿದ್ದೋದು

ಉತ್ತರದ ಕಾಪಿ ಮತ್ತು ಮಗು ಬರೆದ ಹಾಳೆ ಎರಡನ್ನೂ ಒಂದರ ಮೇಲೊಂದಿಟ್ಟು ಕಿಟಕಿ ಗಾಜಿಗೆ ಹಿಡೀರಿ, ಎರಡೂ ಒಂದೇ ಮೂಲದ ಝೆರಾಕ್ಸ್ ಆಗಿರೋದ್ರಿಂದ ಗೆರೆ ಗೆರೆಗೆ ಕೂರುತ್ತೆ. ತಪ್ಪು ಎರಡು ತರ ಇರುತ್ತೆ, ಅದನ್ನ ಬೇರೆ ಬೇರೆ ನೋಡಿ. ಹೆಸರು ಸರಿಯಾದ ನೀರಲ್ಲೇ ಇದೆ ಆದ್ರೆ ಬಾಣ ಸರಿದಿದೆ ಅಂದ್ರೆ ಕೈ ತಪ್ಪು. ಅರ್ಧ ಸೆಂ.ಮೀ ಸರಿದ್ರೆ 165 ಕಿ.ಮೀ ಹತ್ರ ಆಗುತ್ತೆ, ಹಾರ್ಮುಜ್ ಬಾಣ ಅಷ್ಟು ಕೆಳಗೆ ಹೋದ್ರೆ ಅದು ನೀರಲ್ಲ, ನೆಲ. ಹೆಸರೇ ಬೇರೆ ನೀರಿಗೆ ಹೋಗಿದೆ ಅಂದ್ರೆ ಗುರುತಿನ ತಪ್ಪು, ಅದಕ್ಕೆ ಇಡೀ ಹಾಳೆ ಮತ್ತೆ ಬರೆಸೋದು ವೇಸ್ಟ್. ಅದಲು ಬದಲಾದ ಜೋಡಿನ ಮಾತ್ರ ತಗೊಂಡು ಮಧ್ಯೆ ಇರೋ ನೆಲ ಯಾವುದು ಅಂತ ಕೇಳಿ.

ಭಾರತದಲ್ಲಿ ಹೀಗೆ ಅದಲು ಬದಲಾಗೋ ಜೋಡಿ ಎರಡಿವೆ. ಗುಜರಾತಲ್ಲಿ ಕಛ್ ಕೊಲ್ಲಿ ಮೇಲೆ, ಖಂಬಾತ್ ಕೊಲ್ಲಿ ಕೆಳಗೆ ಬಲಕ್ಕೆ, ಮಧ್ಯೆ ಕಾಠಿಯಾವಾಡ ಪರ್ಯಾಯ ದ್ವೀಪ. ತಮಿಳುನಾಡು-ಶ್ರೀಲಂಕಾ ಮಧ್ಯೆ ಪಾಕ್ ಜಲಸಂಧಿ ಮೇಲೆ, ಮನ್ನಾರ್ ಕೊಲ್ಲಿ ಕೆಳಗೆ, ಇವೆರಡರ ನಡುವೆ ರಾಮಸೇತು. ನಮ್ಮ ಬಾಕ್ಸಲ್ಲಿ ಪಾಕ್‌ಗೂ ಮನ್ನಾರ್‌ಗೂ ಅರ್ಧ ಸೆಂ.ಮೀ ಅಷ್ಟೇ ವ್ಯತ್ಯಾಸ, ಅದರಲ್ಲಿ ಪ್ರಾಕ್ಟೀಸ್ ಆಗಲ್ಲ. ಹಾಳೆಯ ಹಿಂದೆ 8 ಸೆಂ.ಮೀ ಅಗಲ, 6 ಸೆಂ.ಮೀ ಎತ್ತರದ ಇನ್ನೊಂದು ಬಾಕ್ಸ್ ಹಾಕಿ, 78ರಿಂದ 82° ಪೂರ್ವ, 8ರಿಂದ 11° ಉತ್ತರ, ಇದರಲ್ಲಿ 1 ಸೆಂ.ಮೀ ಅಂದ್ರೆ ಅರ್ಧ ಡಿಗ್ರಿ, ಆಗ ರಾಮೇಶ್ವರ ದ್ವೀಪಕ್ಕೂ ಜಾಗ ಸಿಗುತ್ತೆ.

ಅದೇ ದಿನ ಎರಡು ಸಲ ಬರೆಸ್ಬೇಡಿ, ಕೈ ನೆನಪಲ್ಲಿ ಬರೆದುಬಿಡ್ತಾರೆ. ಎರಡು ಮೂರು ದಿನ ಬಿಟ್ಟು ಇನ್ನೊಂದು ಕಾಪಿ ಕೊಡಿ, ಈ ಸಲ ಮಡಿಕೇರಿ ಗೆರೆನೂ ಅಳಿಸಿರಿ, ಗೆರೆ ಎಲ್ಲಿ ಹೋಗುತ್ತೆ ಅಂತ ಮಗುನೇ ಮೊದಲು ಎಳೀಲಿ. ಆಮೇಲಿನ ವಾರ ಹೆಸರಿನ ಬದಲು ಬಾಣ ಮಾತ್ರ ಹಾಕಿ ಕೊಟ್ಟು ಹೆಸರು ಬರೆಸಿ. ಬಾಣದಲ್ಲಿ ಒಂದೆರಡು ಮೋಸದ್ದೂ ಇರ್ಲಿ, ಸೂಯೆಜ್ ಕಾಲುವೆಗೆ ಒಂದು, ಅಂಡಮಾನ್-ನಿಕೋಬಾರ್ ಮಧ್ಯದ 10 ಡಿಗ್ರಿ ಚಾನೆಲ್‌ಗೆ ಒಂದು. ಪೂರ್ವದ ಕಡೆ ಮಲಕ್ಕಾ ಜಲಸಂಧಿಗೆ ಬಾಣ ಹಾಕೋವಾಗ ಮೂಲೆ ಹತ್ರದ ಸಿಂಗಾಪುರದ ಇಕ್ಕಟ್ಟಿಗೆ ಹಾಕ್ಬೇಡಿ, ಮಲಯ ಪರ್ಯಾಯ ದ್ವೀಪಕ್ಕೂ ಸುಮಾತ್ರಾಕ್ಕೂ ಮಧ್ಯೆ ಇರೋ ಉದ್ದ ನೀರಿನ ನಡುಭಾಗಕ್ಕೆ ಹಾಕಿ, ಇಲ್ಲಾಂದ್ರೆ ಸಿಂಗಾಪುರ ಅಂತ ಊರಿನ ಹೆಸರು ಬರೆದಿಟ್ಟು ಅದೂ ಸರಿ ಅಂತ ವಾದ ಮಾಡ್ತಾರೆ.